ಮದುವೆಗೆ ಬಾರದ ಫೋಟೋಗ್ರಾಫರ್: ಅಡ್ವಾನ್ಸ್ ವಾಪಸ್ ಪಡೆಯುವ ದಾರಿ

ಅಕ್ಕನ ಮಗಳ ಮದುವೆಗೆ ಮೂರು ದಿನ ಇತ್ತು. ಕಟಪಾಡಿಯ ಮನೆಯಂಗಳದಲ್ಲಿ ಮೆಹಂದಿಗೆ ಚಪ್ಪರ ಏಳುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಭಾವನಿಗೆ ಫೋಟೋಗ್ರಾಫರ್ ಫೋನ್ ಮಾಡಿದ. ಮಂಗಳೂರಿನವನು. ನಾಲ್ಕು ತಿಂಗಳ ಹಿಂದೆಯೇ ಅವನನ್ನು ಬುಕ್ ಮಾಡಿದ್ದೆವು.

"ಅಂಕಲ್, ಬೇಜಾರ್ ಮಾಡ್ಬೇಡಿ. ಒಂದು ಪ್ರಾಬ್ಲಮ್ ಆಗಿದೆ. ನಂಗೆ ಬರ್ಲಿಕ್ಕೆ ಆಗುದಿಲ್ಲ. ಬೇರೆ ಹುಡುಗರನ್ನು ಕಳಿಸ್ತೇನೆ."

ಯಾವ ಹುಡುಗರು, ಅವರು ಹಿಂದೆ ಎಲ್ಲಿ ಕೆಲಸ ಮಾಡಿದ್ದಾರೆ ಎಂದು ಕೇಳಿದರೆ ಉತ್ತರ ಇಲ್ಲ. ಭಾವನಿಗೆ ಸಿಟ್ಟು ಬಂತು. "ಹಾಗಾದ್ರೆ ನೀವು ಯಾರೂ ಬರುದೇ ಬೇಡ ಮಾರಾಯ್ರೆ" ಎಂದು ಫೋನ್ ಇಟ್ಟರು. ಅರ್ಧ ಗಂಟೆ ಕಳೆದು ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂತು: "ಓಕೆ ಅಂಕಲ್. ನೀವು ಬುಕಿಂಗ್ ಕ್ಯಾನ್ಸಲ್ ಮಾಡಿದ್ದೀರಿ. ನಮ್ಮ ಪಾಲಿಸಿ ಪ್ರಕಾರ ಅಡ್ವಾನ್ಸ್ ರಿಫಂಡ್ ಆಗುವುದಿಲ್ಲ. ಮದುವೆಗೆ ಶುಭಾಶಯಗಳು."

ಆ ಮೆಸೇಜನ್ನು ನಾನು ಎರಡು ಸಲ ಓದಿದೆ. ಕೈಕೊಟ್ಟವನು ಅವನು. ಆದರೆ ಬರಹದಲ್ಲಿ ಮಾತು ತಿರುಗಿ, ಕ್ಯಾನ್ಸಲ್ ಮಾಡಿದವರು ನಾವು ಎಂದಾಗಿತ್ತು. ಅಡ್ವಾನ್ಸ್ ವಾಪಸ್ ಬರುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ನಿಲ್ಲುವುದು ಈ ಒಂದು ಪ್ರಶ್ನೆಯ ಮೇಲೆ: ಒಪ್ಪಂದ ಮುರಿದವರು ಯಾರು? ಅದಕ್ಕೆ ಉತ್ತರ ಹೆಚ್ಚಿನ ಸಲ ಮದುವೆ ಮನೆಯ ಗಡಿಬಿಡಿಯಲ್ಲಿ, ಅದೇ ರಾತ್ರಿ ಬರೆದ ಮೆಸೇಜಿನಲ್ಲೇ ಇರುತ್ತದೆ.

ಅಕ್ಕನ ಮಗಳು ಆ ರಾತ್ರಿಯೇ ಉತ್ತರ ಬರೆದಳು. ನಾಲ್ಕೇ ಸಾಲು: "ನಾವು ಬುಕಿಂಗ್ ಕ್ಯಾನ್ಸಲ್ ಮಾಡಿಲ್ಲ. ಇವತ್ತು ರಾತ್ರಿ 9 ಗಂಟೆಗೆ ನೀವೇ ಫೋನ್ ಮಾಡಿ ಬರಲು ಆಗುವುದಿಲ್ಲ ಎಂದು ಹೇಳಿದ್ದೀರಿ. ನಿಮ್ಮ ಕೆಲಸ ನೋಡಿಯೇ ನಿಮ್ಮನ್ನು ಬುಕ್ ಮಾಡಿದ್ದು. ನಾಳೆ ಬೆಳಿಗ್ಗೆ 10ರೊಳಗೆ ನೀವೇ ಬರುತ್ತೀರಿ ಎಂದು ತಿಳಿಸದಿದ್ದರೆ ಬೇರೆಯವರನ್ನು ಗೊತ್ತು ಮಾಡುತ್ತೇವೆ, ಅದರ ಹೆಚ್ಚಿನ ಖರ್ಚು ಮತ್ತು ಅಡ್ವಾನ್ಸ್ ನೀವು ಕೊಡಬೇಕಾಗುತ್ತದೆ."

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಆ ಮೌನವೂ ನಮ್ಮ ಪರವಾಗಿ ಒಂದು ದಾಖಲೆಯಾಯಿತು.

"ನಾನ್-ರಿಫಂಡೇಬಲ್" ಅನ್ನುವ ಸಾಲು

ಹೆಚ್ಚಿನ ಸ್ಟುಡಿಯೋಗಳ ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಈ ಸಾಲು ಇರುತ್ತದೆ. ಅದನ್ನು ನೋಡಿದ ಕೂಡಲೇ ತುಂಬ ಜನ "ಸೈನ್ ಮಾಡಿ ಆಗಿದೆ, ಇನ್ನೇನು ಮಾಡುವುದು" ಎಂದು ಸುಮ್ನೆ ಕೂರುತ್ತಾರೆ. ಹಾಗೆ ಕೂರುವ ಅಗತ್ಯ ಇಲ್ಲ.

ಆ ಸಾಲು ಇರುವುದು ಯಾಕೆ? ನಮ್ಮ ಕರಾವಳಿಯಲ್ಲಿ ಆಟಿ ತಿಂಗಳು ಮದುವೆ ಇಲ್ಲ. ಏಪ್ರಿಲ್, ಮೇ ಬಂದರೆ ಒಂದೇ ಮುಹೂರ್ತಕ್ಕೆ ಊರು ತುಂಬ ಮದುವೆ. ಒಂದು ಡೇಟ್ ನಮಗೆ ಎಂದು ಇಟ್ಟುಕೊಂಡ ಮೇಲೆ ಆ ಡೇಟಿಗೆ ಬಂದ ಬೇರೆ ಪಾರ್ಟಿಗಳಿಗೆ ಫೋಟೋಗ್ರಾಫರ್ ಇಲ್ಲ ಎನ್ನಬೇಕಾಗುತ್ತದೆ. ಕೊನೆಗೆ ನಾವು ಕೈಕೊಟ್ಟರೆ ಅವನಿಗೆ ಆ ದಿನದ ದುಡಿಮೆ ಹೋಯಿತು. ಆ ನಷ್ಟಕ್ಕೆ ಭದ್ರತೆಯಾಗಿ ಅಡ್ವಾನ್ಸ್ ಇಟ್ಟುಕೊಳ್ಳುವುದರಲ್ಲಿ ನ್ಯಾಯ ಇದೆ. ಆಗಲೂ ಎಷ್ಟು ಬೇಕಾದರೂ ಇಟ್ಟುಕೊಳ್ಳುವ ಹಾಗಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದ ಮುರಿದದ್ದರಿಂದ ತೊಂದರೆಗೆ ಒಳಗಾದವನಿಗೆ ಸಿಗುವುದು ನ್ಯಾಯವಾದ ಪರಿಹಾರ. ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ.

ಇಲ್ಲಿ ಗಮನಿಸಬೇಕಾದ್ದು "ತೊಂದರೆಗೆ ಒಳಗಾದವನಿಗೆ" ಎಂಬ ಮಾತು. ಒಪ್ಪಂದ ಮುರಿದವನು ಫೋಟೋಗ್ರಾಫರ್ ಆದರೆ ಪರಿಹಾರ ಪಡೆಯುವವರು ನಾವು. ತಾನೇ ತಪ್ಪು ಮಾಡಿ ಅದೇ ತಪ್ಪಿನಿಂದ ಲಾಭ ಪಡೆಯಲು ಕಾನೂನು ಬಿಡುವುದಿಲ್ಲ. ಹಾಗಾಗಿ ಅಂಥ ಸಾಲು ಇದ್ದರೂ, ಕೆಲಸಕ್ಕೆ ಬಾರದವನ ಕೈಯಲ್ಲಿ ಅಡ್ವಾನ್ಸ್ ಉಳಿಯಬೇಕು ಎಂದು ಅದಕ್ಕೆ ಅರ್ಥ ಬರುವುದಿಲ್ಲ. ಆದ್ದರಿಂದಲೇ "ನೀವೇ ಕ್ಯಾನ್ಸಲ್ ಮಾಡಿದ್ದು" ಎಂದು ಬರೆಸಿಕೊಳ್ಳುವ ಪ್ರಯತ್ನ ನಡೆಯುವುದು. ಆ ಸಾಲಿಗೆ ಜೀವ ಬರಬೇಕಾದರೆ ಕ್ಯಾನ್ಸಲ್ ನಮ್ಮ ಕಡೆಯಿಂದ ಆಗಿರಬೇಕಲ್ವಾ?

"ಬೇರೆ ಹುಡುಗರನ್ನು ಕಳಿಸ್ತೇನೆ" ಎಂಬ ಮಾತಿಗೂ ಒಂದು ತೂಕ ಇದೆ, ಅದನ್ನು ತಳ್ಳಿಹಾಕುವ ಮೊದಲು ಬುಕಿಂಗ್ ಕಾಗದ ನೋಡಬೇಕು. ಕೆಲಸ ಇಂಥವನೇ ಮಾಡಬೇಕು ಎಂದು ಒಪ್ಪಂದ ಆಗಿದ್ದರೆ ಅವನೇ ಮಾಡಬೇಕು. ಹಾಗೆ ಇಲ್ಲದಿದ್ದರೆ ಸಮರ್ಥರಾದ ಬೇರೆಯವರಿಂದ ಮಾಡಿಸಬಹುದು. ಕಾಗದದಲ್ಲಿ "ಎರಡು ಫೋಟೋಗ್ರಾಫರ್, ಒಂದು ವಿಡಿಯೋ" ಎಂದಷ್ಟೇ ಇದ್ದು ಸ್ಟುಡಿಯೋ ಒಳ್ಳೆಯ ಬೇರೆ ತಂಡ ಕಳಿಸಿದರೆ, ನಾವು ಅವರನ್ನು ಬೇಡ ಎನ್ನುವುದು ನಮಗೇ ತಿರುಗಿ ಬರಬಹುದು. ನಮ್ಮ ಬುಕಿಂಗ್ ಮೆಸೇಜಿನಲ್ಲಿ "ಎರಡೂ ದಿನ ನಾನೇ ಇರ್ತೇನೆ" ಎಂದು ಅವನೇ ಬರೆದಿದ್ದ. ಆ ಒಂದು ವಾಕ್ಯ ನಮ್ಮನ್ನು ಉಳಿಸಿತು. ಹಾಗೆ ಬರಹದಲ್ಲಿ ಇಲ್ಲದಿದ್ದರೆ ಬೇಡ ಎನ್ನುವ ಮೊದಲು ಬರುವವರ ಹೆಸರು ಮತ್ತು ಹಿಂದೆ ಮಾಡಿದ ಕೆಲಸ ಕಳಿಸಲು ಕೇಳಬೇಕು. ಕಳಿಸದಿದ್ದರೆ ತಪ್ಪು ಅವನದ್ದೇ.

ಕಾರಣ ನಿಜವಾಗಿದ್ದರೆ?

ಇದನ್ನು ನಾವು ಮನುಷ್ಯರಾಗಿಯೂ ಕೇಳಿಕೊಳ್ಳಬೇಕು. ಅವನ ಮನೆಯಲ್ಲಿ ಸಾವು ಆಗಿರಬಹುದು. ಸ್ಕೂಟರಿನಿಂದ ಬಿದ್ದು ಕೈ ಮುರಿದಿರಬಹುದು. ಆಗ ಅವನ ಮೇಲೆ ನಷ್ಟ ಪರಿಹಾರ ಹಾಕುವುದು ಕಷ್ಟ, ಹಾಕುವುದು ಸರಿಯೂ ಅಲ್ಲ. ಆದರೆ ಅಡ್ವಾನ್ಸಿನ ಲೆಕ್ಕ ಬೇರೆ. ಮಾಡಲು ಸಾಧ್ಯವೇ ಇಲ್ಲದೆ ಒಪ್ಪಂದ ಬಿದ್ದುಹೋದರೆ, ಅದರ ಕೆಳಗೆ ಪಡೆದದ್ದನ್ನು ಹಿಂದೆ ಕೊಡಬೇಕು ಎಂದು ಅದೇ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಅಂದರೆ ಕಾರಣ ನಿಜವಾದರೆ ಹೆಚ್ಚಿನ ಖರ್ಚು ಕೇಳುವ ನಮ್ಮ ದಾವೆ ಸಣ್ಣದಾಗುತ್ತದೆ, ಅಡ್ವಾನ್ಸ್ ಮಾತ್ರ ಎರಡೂ ಸಂದರ್ಭದಲ್ಲಿ ವಾಪಸ್ ಬರಬೇಕು.

ನಮ್ಮ ವಿಷಯದಲ್ಲಿ ಕಾರಣ ಏನು ಎಂಬುದು ಮದುವೆಯ ದಿನವೇ ತಿಳಿಯಿತು. ಅದೇ ಬೆಳಿಗ್ಗೆ ಅವನ ಇನ್‌ಸ್ಟಾಗ್ರಾಂ ಪೇಜಿನಲ್ಲಿ ಮಂಗಳೂರಿನ ಬೇರೊಂದು ಹಾಲಿನ ಧಾರೆಯ ಸ್ಟೋರಿ ಬಂದಿತ್ತು. ದೊಡ್ಡ ಪಾರ್ಟಿ ಸಿಕ್ಕಿತ್ತು, ಅಷ್ಟೇ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತದೆ. ಅಕ್ಕನ ಮಗ ಅದನ್ನು ದಿನ ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್ ರೆಕಾರ್ಡ್ ಮಾಡಿ ಇಟ್ಟುಕೊಂಡ. ಕೈಕೊಟ್ಟ ಫೋಟೋಗ್ರಾಫರ್ ಆ ದಿನ ಎಲ್ಲಿದ್ದ ಎಂಬುದು ಹೀಗೆ ಅವನದೇ ಪೇಜಿನಲ್ಲಿ ಸಿಗುವುದು ಸಾಮಾನ್ಯ, ಯಾಕೆಂದರೆ ಅವನ ವ್ಯಾಪಾರ ನಡೆಯುವುದೇ ಅಲ್ಲಿ.

ಎಷ್ಟು ಕೇಳಬಹುದು

ನಮ್ಮ ಲೆಕ್ಕ ಹೀಗಿತ್ತು. ಮೆಹಂದಿ ರಾತ್ರಿ ಮತ್ತು ಮದುವೆ ದಿನ, ಫೋಟೋ, ವಿಡಿಯೋ, ಒಂದು ಆಲ್ಬಮ್ ಸೇರಿ 90,000 ರೂಪಾಯಿ. ಅಡ್ವಾನ್ಸ್ 30,000. ಮೂರು ದಿನ ಇರುವಾಗ ಸಿಕ್ಕಿದ ಬೇರೆ ಫೋಟೋಗ್ರಾಫರ್ ಅದೇ ಕೆಲಸಕ್ಕೆ 1,15,000 ಕೇಳಿದರು. ಬೇರೆ ದಾರಿ ಇರಲಿಲ್ಲ, ಒಪ್ಪಿದೆವು.

ಭಾವ ಮೊದಲು "30,000 ಕೊಟ್ಟರೆ ಸಾಕು" ಎಂದರು. ಅಕ್ಕನ ಮಗ "1,15,000 ಪೂರ್ತಿ ಅವನೇ ಕೊಡಬೇಕು" ಎಂದ. ಎರಡೂ ಸರಿಯಲ್ಲ. ಒಪ್ಪಂದ ಸರಿಯಾಗಿ ನಡೆದಿದ್ದರೆ ನಮ್ಮ ಕೈಯಿಂದ ಹೋಗುತ್ತಿದ್ದದ್ದು 90,000. ಈಗ ಹೋದದ್ದು 30,000 ಮತ್ತು 1,15,000 ಸೇರಿ 1,45,000. ವ್ಯತ್ಯಾಸ 55,000. ನಮ್ಮ ನಷ್ಟ ಅಷ್ಟು. ಅದರಲ್ಲಿ 30,000 ಅಡ್ವಾನ್ಸ್, 25,000 ಹೆಚ್ಚಿಗೆ ಬಿದ್ದ ಖರ್ಚು. ಒಪ್ಪಂದ ಮುರಿದದ್ದರಿಂದ ಸಹಜವಾಗಿ ಆದ ನಷ್ಟ ಕೇಳಬಹುದು ಎಂದು ಕರಾರು ಕಾಯ್ದೆಯ 73ನೇ ಕಲಂ ಹೇಳುತ್ತದೆ. ಜೊತೆಗೆ, ಆ ನಷ್ಟವನ್ನು ಕಡಿಮೆ ಮಾಡಲು ನಮಗಿದ್ದ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಅಂದರೆ ಅವಸರದಲ್ಲೂ ಎರಡು ಮೂರು ಕಡೆ ವಿಚಾರಿಸಿದ್ದಕ್ಕೆ ಗುರುತು ಇರಬೇಕು. 90,000ದ ಕೆಲಸ ಬಿಟ್ಟು ಡ್ರೋನ್, ಮೂರು ಆಲ್ಬಮ್ ಸೇರಿಸಿ 2 ಲಕ್ಷದ ಪ್ಯಾಕೇಜ್ ತೆಗೆದುಕೊಂಡರೆ ಆ ಹೆಚ್ಚಿನ ಹಣ ಸಿಗುವುದಿಲ್ಲ. ನಾವು ಇಬ್ಬರು ಬೇರೆ ಸ್ಟುಡಿಯೋದವರಿಗೆ ಕಳಿಸಿದ ಮೆಸೇಜು, "ಆ ಡೇಟ್ ಇಲ್ಲ" ಎಂದು ಅವರು ಕೊಟ್ಟ ಉತ್ತರ, ಎರಡನ್ನೂ ಇಟ್ಟುಕೊಂಡೆವು.

ಬೇರೆ ಯಾರೂ ಸಿಗದೆ ಮದುವೆಯ ಫೋಟೋವೇ ಇಲ್ಲದ ಹಾಗಾದರೆ? ಅದು ದುಡ್ಡಿನ ಲೆಕ್ಕಕ್ಕೆ ಸಿಗುವ ನಷ್ಟ ಅಲ್ಲ. ಧಾರೆ ಎರೆಯುವಾಗ ಅಜ್ಜಿಯ ಮುಖ ಹೇಗಿತ್ತು ಎಂದು ಮತ್ತೆ ನೋಡಲು ಆಗುವುದಿಲ್ಲ. ಗ್ರಾಹಕ ಆಯೋಗಗಳು ಮಾನಸಿಕ ಹಿಂಸೆಗೆ ಪರಿಹಾರ ಕೊಡಬಹುದು, 1993ರಲ್ಲಿ ಸುಪ್ರೀಂ ಕೋರ್ಟ್ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಆ ಮೊತ್ತಕ್ಕೆ ಅಳತೆಗೋಲು ಇಲ್ಲ. ಹತ್ತು ಲಕ್ಷ ಎಂದು ಬರೆದರೆ ದೂರಿನ ತೂಕ ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ.

ಪುರಾವೆ ಮತ್ತು ವಿಳಾಸ

ನಮ್ಮ 30,000ದಲ್ಲಿ 20,000 ಯುಪಿಐ ಮೂಲಕ ಹೋಗಿತ್ತು, 10,000 ನಗದು. ರಸೀದಿ ಇರಲಿಲ್ಲ. ಯುಪಿಐ ಹಣಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು, ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ನಗದಿನ ವಿಷಯದಲ್ಲಿ ನನಗೆ ಆತಂಕ ಇತ್ತು. ಅಕ್ಕನ ಮಗಳು ಚಾಟಿನಲ್ಲಿ "10" ಎಂದು ಹುಡುಕುತ್ತಾ ಹಿಂದೆ ಹೋದಳು. ಜನವರಿಯ ಒಂದು ಮೆಸೇಜ್ ಸಿಕ್ಕಿತು: "ಅಂಕಲ್ 10 ಕೊಟ್ಟಿದ್ದಾರೆ, ಡೇಟ್ ಬ್ಲಾಕ್ ಮಾಡಿದ್ದೇನೆ, ಇನ್ನು 20 ಹಾಕಿ." ರಸೀದಿಗಿಂತ ಇದು ಒಳ್ಳೆಯದಿತ್ತು, ಯಾಕೆಂದರೆ ಅವನೇ ಬರೆದದ್ದು.

ಇಂಥ ಚಾಟನ್ನು ತುಂಡು ತುಂಡಾಗಿ ಸ್ಕ್ರೀನ್‌ಶಾಟ್ ತೆಗೆಯುವುದರ ಜೊತೆಗೆ ಪೂರ್ತಿ ಎಕ್ಸ್‌ಪೋರ್ಟ್ ಮಾಡಿಡಬೇಕು. ಮೆಸೇಜ್ ಕಳಿಸಿದ ನಂಬರ್ ಕಾಣಬೇಕು. ನಂಬರನ್ನು ನಾವು "ಫೋಟೋ ಮಂಗಳೂರು" ಎಂದು ಸೇವ್ ಮಾಡಿದ್ದರೆ ಸ್ಕ್ರೀನ್‌ಶಾಟಿನಲ್ಲಿ ಆ ಹೆಸರು ಮಾತ್ರ ಕಾಣುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಇಂಥ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೇಳುವುದುಂಟು. ಮೂಲ ಫೋನ್ ಇದ್ದರೆ ಅದನ್ನು ಕೊಡುವುದು ಸುಲಭ.

ಇನ್ನೊಂದು ತೊಡಕು ಹಣ ಕೊಡುವಾಗ ಯಾರಿಗೂ ಹೊಳೆಯುವುದಿಲ್ಲ. ನಾವು ಹಣ ಕೊಟ್ಟದ್ದು ಯಾರಿಗೆ? ಪೇಜಿನ ಹೆಸರಿಗೆ. ಪೇಜಿನ ಮೇಲೆ ದೂರು ಕೊಡಲು ಆಗುವುದಿಲ್ಲ. ಮನುಷ್ಯನ ಹೆಸರು ಬೇಕು, ನೋಟಿಸ್ ಮುಟ್ಟುವ ವಿಳಾಸ ಬೇಕು. ಯುಪಿಐ ಪಾವತಿಯಲ್ಲಿ ಖಾತೆದಾರನ ನಿಜ ಹೆಸರು ಕಾಣುತ್ತದೆ, ಮೊದಲು ಅದನ್ನು ನೋಡಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ gst.gov.in ನಲ್ಲಿ ಹಾಕಿದಾಗ ಮಾಲೀಕರ ಹೆಸರು ಮತ್ತು ವ್ಯವಹಾರದ ಸ್ಥಳ ಬರುತ್ತದೆ. ಆದರೆ ಸೇವೆ ಕೊಡುವ ಸಣ್ಣವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಹಾಗಾಗಿ ಹೆಚ್ಚಿನವರಲ್ಲಿ ನಂಬರ್ ಇರುವುದಿಲ್ಲ. ನಾವು ಸ್ಟುಡಿಯೋಗೆ ಹೋಗಿ ಬೋರ್ಡಿನ ಫೋಟೋ ತೆಗೆದು, ಕಟ್ಟಡದ ಹೆಸರು, ಬಾಗಿಲ ನಂಬರ್ ಬರೆದುಕೊಂಡು ಬಂದೆವು. ಜಗಳ ಮಾಡಲು ಹೋದದ್ದಲ್ಲ, ಹತ್ತು ನಿಮಿಷದ ಕೆಲಸ.

ಕ್ಯಾಟರಿಂಗ್‌ನವರಾದರೆ ಈ ಭಾಗ ಸುಲಭ. ಆಹಾರದ ವ್ಯಾಪಾರ ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಇರಬೇಕು, 2022ರ ಜನವರಿಯಿಂದ ಆ 14 ಅಂಕಿಯ ನಂಬರನ್ನು ಬಿಲ್ಲಿನಲ್ಲೂ ಹಾಕಬೇಕು. ಆ ನಂಬರಿನಿಂದ ಹೆಸರು, ವಿಳಾಸ ಹುಡುಕಬಹುದು.

ಕ್ಯಾಟರಿಂಗ್‌ನಲ್ಲಿ ಕಷ್ಟ ಬೇರೆ ಕಡೆ ಇದೆ. ಅಡುಗೆಯವರು ಬರದೇ ಇರುವುದಕ್ಕಿಂತ ಅರ್ಧಂಬರ್ಧ ಮಾಡುವುದೇ ಜಾಸ್ತಿ. 600 ಎಲೆಗೆ ಹೇಳಿ 400ಕ್ಕೆ ಅನ್ನ ಮುಗಿದರೆ, ಎರಡನೇ ಪಂಕ್ತಿಗೆ ಪಾಯಸ ಇಲ್ಲದಿದ್ದರೆ, ಪೂರ್ತಿ ಅಡ್ವಾನ್ಸ್ ಕೇಳಲು ಆಗುವುದಿಲ್ಲ. ಬಡಿಸಿದ್ದಕ್ಕೆ ಹಣ ಕೊಡಲೇಬೇಕು. ಆಗದೇ ಉಳಿದ ಭಾಗ ಮತ್ತು ಅವಸರದಲ್ಲಿ ಹೋಟೆಲಿನಿಂದ ತರಿಸಿದ ಊಟದ ಬಿಲ್ ಕೇಳಬಹುದು. ಆ ಬಿಲ್ಲಿನ ಜೊತೆಗೆ, ಎಷ್ಟು ಗಂಟೆಗೆ ಊಟ ಮುಗಿಯಿತು, ಎಷ್ಟು ಜನ ಉಳಿದರು ಎಂದು ಹಾಲಿನ ಮ್ಯಾನೇಜರರಿಂದ ಅದೇ ದಿನ ಎರಡು ಸಾಲು ಬರೆಸಿಕೊಂಡರೆ ಮುಂದೆ ದೊಡ್ಡ ಸಹಾಯ. ಬಾಕಿ ಹಣ ಇನ್ನೂ ನಮ್ಮ ಕೈಯಲ್ಲೇ ಇದ್ದರೆ ಲೆಕ್ಕ ಬರೆದುಕೊಟ್ಟು ಅದರಿಂದ ಕಳೆದು ಕೊಡುವುದು ಎಲ್ಲಕ್ಕಿಂತ ಸುಲಭ. ಮದುವೆ ದಿನ ಮಧ್ಯಾಹ್ನ "ಚಂದ ಆಯ್ತು" ಎಂದು ಪೂರ್ತಿ ಹಣ ಕೊಟ್ಟು, ವಾರದ ಮೇಲೆ ತಕರಾರು ತೆಗೆದರೆ ಕೇಳುವವರು ಕಡಿಮೆ.

ನೋಟಿಸ್

ಮದುವೆ ಮುಗಿದು ಒಂದು ವಾರಕ್ಕೆ ನೋಟಿಸ್ ಕಳಿಸಿದೆವು. ಗ್ರಾಹಕ ದೂರಿಗೆ ನೋಟಿಸ್ ಕಡ್ಡಾಯ ಅಲ್ಲ, ವಕೀಲರೇ ಬರೆಯಬೇಕೆಂದೂ ಇಲ್ಲ. ಆದರೆ ಎರಡು ಕಾರಣಕ್ಕೆ ಅದು ಬೇಕು. ಒಂದು, ಹೆಚ್ಚಿನ ವ್ಯವಹಾರ ಇಲ್ಲೇ ಮುಗಿಯುತ್ತದೆ. ಇನ್ನೊಂದು, ಬಡ್ಡಿ ಕೇಳುತ್ತೇವೆ ಎಂದು ಬರೆದು ತಿಳಿಸಿದ ದಿನದಿಂದ ಬಡ್ಡಿ ಕೇಳಲು ಆಧಾರ ಸಿಗುತ್ತದೆ.

ನಮ್ಮದು ಒಂದೂವರೆ ಪುಟ ಇತ್ತು. ಬುಕ್ ಮಾಡಿದ ದಿನ, ಕೊಟ್ಟ ಹಣ ಎರಡು ಕಂತಿನಲ್ಲಿ, ಒಪ್ಪಿದ ಕೆಲಸ, ಫೋನ್ ಬಂದ ದಿನ ಮತ್ತು ಗಂಟೆ, ನಾವು ಬರೆದ ಮೆಸೇಜ್, ಬೇರೆಯವರಿಗೆ ಕೊಟ್ಟ ಹಣ, 55,000ದ ಲೆಕ್ಕ, 15 ದಿನದ ಗಡುವು, ಗಡುವು ಮೀರಿದರೆ ಬಡ್ಡಿ ಸಹಿತ ಗ್ರಾಹಕ ಆಯೋಗದಲ್ಲಿ ಕೇಳುತ್ತೇವೆ ಎಂಬ ಮಾತು. ಬೈಗುಳ ಇಲ್ಲ, "ಪೇಜಿನಲ್ಲಿ ಮಾನ ಹರಾಜು ಹಾಕುತ್ತೇವೆ" ಎಂಬ ಬೆದರಿಕೆ ಇಲ್ಲ. ಅಂಥ ಮಾತು ನಾಳೆ ನಮ್ಮ ಮೇಲೆಯೇ ದೂರಾಗಬಹುದು. ಅಂಚೆಯಲ್ಲಿ, ಮುಟ್ಟಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳಿಸಿ, ಅದನ್ನೇ ವಾಟ್ಸ್ಆ್ಯಪ್‌ಗೂ ಹಾಕಿದೆವು. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದರೂ ಮುಟ್ಟಿದಂತೆಯೇ ಎಣಿಸುತ್ತಾರೆ. ಆ ಲಕೋಟೆಯನ್ನು ಒಡೆಯದೆ ಇಡಬೇಕು.

ಪೊಲೀಸ್ ಠಾಣೆಗೆ ಹೋಗೋಣ ಎಂದು ಸಂಬಂಧಿಕರು ಹೇಳಿದರು. ಬರದೇ ಇದ್ದದ್ದು ಮಾತ್ರಕ್ಕೆ ವಂಚನೆ ಆಗುವುದಿಲ್ಲ. ಹಣ ತೆಗೆದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಎಂದು ಕಾಣಬೇಕು. ಒಂದೇ ದಿನಕ್ಕೆ ಹತ್ತು ಜನರಿಂದ ಅಡ್ವಾನ್ಸ್ ತೆಗೆದು ಸ್ಟುಡಿಯೋ ಮುಚ್ಚಿ ಹೋದವನ ಕತೆ ಬೇರೆ, ಅಲ್ಲಿ ಠಾಣೆಗೇ ಹೋಗಬೇಕು. ಪೇಜೇ ನಕಲಿ ಎಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಮ್ಮದು ಸಿವಿಲ್ ವಿಷಯ, ಠಾಣೆಯಲ್ಲಿ ಕಳೆಯುವ ದಿನ ವ್ಯರ್ಥ.

ಆಯೋಗದ ಬಾಗಿಲು

ಉತ್ತರ ಬಾರದಿದ್ದರೆ ಎಂದು ನಾವು ದೂರಿನ ಕರಡನ್ನೂ ಮಾಡಿಟ್ಟಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ದೊಡ್ಡ ಅನುಕೂಲ ಒಂದಿದೆ. ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸ್ಟುಡಿಯೋ ಮಂಗಳೂರಿನಲ್ಲಿದ್ದರೂ ಕಟಪಾಡಿಯವರು ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಅವನೇ ಬುಕ್ ಮಾಡಿದ್ದರೆ ಅಲ್ಲೂ ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. e-jagriti.gov.in ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರಿಲ್ಲದೆ ನಾವೇ ವಾದಿಸಬಹುದು. ಗಡುವು ಎರಡು ವರ್ಷ, ನಮ್ಮಂಥ ಪ್ರಕರಣದಲ್ಲಿ ಅವನು ಬರದ ದಿನದಿಂದ ಎಣಿಸುವುದು ಕ್ಷೇಮ.

ಯಾರು ದೂರು ಕೊಡಬೇಕು? ಬುಕ್ ಮಾಡಿದವರು ಭಾವ, 20,000 ಹಾಕಿದವಳು ಮಗಳು. ಇಬ್ಬರನ್ನೂ ದೂರುದಾರರಾಗಿ ಸೇರಿಸಿದೆವು, "ಹಣ ಕೊಟ್ಟವರು ಇವರಲ್ಲ" ಎಂಬ ತಕರಾರು ಬಾರದಿರಲಿ ಎಂದು.

ದೂರಿನಲ್ಲಿ ಒಂದು ಪದ ಜಾಗ್ರತೆಯಿಂದ ಬಳಸಬೇಕು. "ನಾನ್-ರಿಫಂಡೇಬಲ್" ಸಾಲಿನ ಮೇಲೆ ಸಿಟ್ಟಿನಿಂದ "ಇದು ಅನ್ಯಾಯದ ಕರಾರು, ರದ್ದು ಮಾಡಿ" ಎಂದು ಬರೆಯಲು ಮನಸ್ಸಾಗುತ್ತದೆ. ಅನ್ಯಾಯದ ಕರಾರಿನ ದೂರು ಕೇಳುವ ಅಧಿಕಾರವನ್ನು ಕಾಯ್ದೆ ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ, ಅದು ರಾಜ್ಯ ಆಯೋಗದ ವಿಷಯ. ಹಾಗೆ ಬರೆದರೆ ಬಾಗಿಲಲ್ಲೇ ತಕರಾರು ಬರಬಹುದು. ನಮ್ಮ ದೂರು ಸೇವೆಯಲ್ಲಿ ಕೊರತೆ ಮತ್ತು ಹಣ ಹಿಂದಿರುಗಿಸದ ಬಗ್ಗೆ. ಆ ಸಾಲು ಗ್ರಾಹಕ ಕೈಕೊಟ್ಟಾಗ ಅನ್ವಯಿಸುತ್ತದೆ, ಇಲ್ಲಿ ಅಲ್ಲ ಎಂದಷ್ಟೇ ಹೇಳಿದರೆ ಸಾಕು.

ದೂರು ಸ್ವೀಕಾರ ಆದ ಮೇಲೆ ನೋಟಿಸ್ ಮುಟ್ಟಿದ 30 ದಿನದಲ್ಲಿ ಎದುರಾಳಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯ ಇಂಥದೇ ನಿಯಮದ ಬಗ್ಗೆ ಹೇಳಿದೆ. ಅವನು ಬರದೇ ಇದ್ದರೆ ನಮ್ಮ ದಾಖಲೆಯ ಮೇಲೆಯೇ ತೀರ್ಪು ಆಗುತ್ತದೆ. ಮೂರು ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆಯಲ್ಲಿದೆ. ಅದನ್ನು ನಂಬಿ ದಿನ ಎಣಿಸಬೇಡಿ, ಹೆಚ್ಚು ಸಮಯ ಹೋಗುತ್ತದೆ. ತೀರ್ಪು ಬಂದೂ ಹಣ ಕೊಡದಿದ್ದರೆ ಜಾರಿ ಅರ್ಜಿ ಹಾಕಬಹುದು. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25,000ಕ್ಕೆ ಕಡಿಮೆಯಲ್ಲದ ದಂಡ ಆಗಬಹುದು, ಎರಡೂ ಆಗಬಹುದು. ಹೆಚ್ಚಿನವರು ಆ ಹಂತಕ್ಕೆ ಬರುವ ಮೊದಲೇ ಹಣ ತರುತ್ತಾರೆ.

ನಮ್ಮವನು ಹನ್ನೊಂದನೇ ದಿನ ಫೋನ್ ಮಾಡಿದ. ಮೊದಲು 20,000 ಕೊಡುತ್ತೇನೆ, ನಗದು ಬಂದೇ ಇಲ್ಲ ಎಂದ. ಜನವರಿಯ ಮೆಸೇಜನ್ನು ಕಳಿಸಿದೆವು. ಆಮೇಲೆ "ಸೀಮಂತಕ್ಕೆ ಫ್ರೀಯಾಗಿ ಮಾಡಿ ಕೊಡ್ತೇನೆ ಅಂಕಲ್, ಅಡ್ಜಸ್ಟ್ ಮಾಡುವ" ಎಂದ. ಮುಂದಿನ ಕಾರ್ಯಕ್ರಮಕ್ಕೆ ಹೊಂದಿಸಿಕೊಳ್ಳಬೇಕೆಂಬ ಕಟ್ಟುಪಾಡು ನಮಗಿಲ್ಲ. ಅಕ್ಕ ಮೊದಲ ಬಾರಿಗೆ ಬಾಯಿಬಿಟ್ಟು "ಇನ್ನೊಮ್ಮೆ ನಿಮ್ಮನ್ನು ನಂಬುದು ಹೇಗೆ?" ಎಂದಳು.

ಮರುದಿನ 30,000 ಖಾತೆಗೆ ಬಂತು. ಜೊತೆಗೆ "ಪೂರ್ತಿ ಸೆಟ್ಲ್ ಆಯ್ತು ಎಂದು ಮೆಸೇಜ್ ಹಾಕಿ" ಎಂದು ಕೇಳಿದ. ಅದನ್ನು ಹಾಕಿದ್ದರೆ 25,000ದ ಕತೆ ಅಲ್ಲಿಗೆ ಮುಗಿಯುತ್ತಿತ್ತು. "ಅಡ್ವಾನ್ಸ್ 30,000 ಬಂದಿದೆ. ಹೆಚ್ಚಿನ ಖರ್ಚು 25,000 ಬಾಕಿ ಇದೆ" ಎಂದು ಬರೆದೆವು.

ಆ ಬಾಕಿಗೆ ಆಯೋಗಕ್ಕೆ ಹೋಗುವ ಬದಲು ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟೆವು. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುವ ವ್ಯವಸ್ಥೆ ಅದು. ಶುಲ್ಕ ಇಲ್ಲ, ಅಲ್ಲಿ ರಾಜಿ ಆದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲಿಲ್ಲ. ಆದರೆ ಎದುರಿನವನು ಒಪ್ಪಿದರೆ ಮಾತ್ರ. ಅವನು ಬಂದ. ಭಾವ ಮತ್ತು ಅವನು ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಆ ದಿನ ಬೇರೆ ಹಾಲಿನಲ್ಲಿದ್ದೆ ಎಂದು ಅವನೇ ಹೇಳಿದ, ಸ್ಕ್ರೀನ್ ರೆಕಾರ್ಡ್ ತೋರಿಸುವ ಅಗತ್ಯ ಬೀಳಲಿಲ್ಲ. ಕೊನೆಗೆ 15,000ಕ್ಕೆ ಒಪ್ಪಿಗೆ ಆಯಿತು, ಎರಡು ಕಂತು. ಎರಡನೇ ಕಂತು ಆಟಿ ಕಳೆದು ಸೋಣ ತಿಂಗಳಲ್ಲಿ ಬಂತು.